ಬೈಯುವ ಮೊದಲು ‘ತೋರಿಸು’ ಎನ್ನಿ

ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ ಮೆಲ್ಲಗೆ ಹತ್ತಿರ ಬಂದ. ‘ಅಕ್ಕಾ, ಐನೂರು ರೂಪಾಯಿ ಇದ್ರೆ ಕೊಡು, ಸೋಮವಾರ ಸಾವಿರ ಮಾಡಿ ಕೊಡ್ತೀನಿ’ ಎಂದ. ಅವನಿಗಿನ್ನೂ ಹದಿನಾರು, ಮೊದಲ ಪಿಯುಸಿ. ಕೆಂಪೋ ಹಸಿರೋ ಎಂದು ಊಹಿಸಿ ಹಣ ಕಟ್ಟುವ ಬೆಟ್ಟಿಂಗ್ ಆ್ಯಪ್ ಹಿಡಿದಿದ್ದ.

ಬೈಗುಳ ಬಾಯಿ ತುದಿಗೆ ಬಂತು. ಬೈದರೆ ನಾಳೆಯಿಂದ ಕದ್ದು ಆಡುತ್ತಾನೆ ಅಷ್ಟೇ ಅನಿಸಿ, ‘ಹೇಗೆ ಆಡೋದು ತೋರಿಸು’ ಎಂದೆ. ಖುಷಿಯಿಂದ ತೋರಿಸಿದ. ಅಲ್ಲಿ ವಯಸ್ಸಿನ ಪರೀಕ್ಷೆ ಎಂದರೆ ‘ನನಗೆ 18 ತುಂಬಿದೆ’ ಎಂಬಲ್ಲಿ ಒಂದು ಟಿಕ್. ಗೆದ್ದ ಹಣ ತೆಗೆಯಲು ಪ್ಯಾನ್ ಕಾರ್ಡ್ ಕೇಳಿದಾಗ ಅಪ್ಪನ ಕಾರ್ಡಿನ ಫೋಟೊ ಹಾಕಿದ್ದನಂತೆ. ಕಾರ್ಡಿನ ವಯಸ್ಸು ನೋಡಿದರು, ಫೋನ್ ಹಿಡಿದವನ ವಯಸ್ಸನ್ನು ಯಾರೂ ನೋಡಲಿಲ್ಲ.

‘ಸೋತರೆ ಡಬಲ್ ಹಾಕ್ತಾ ಹೋಗ್ಬೇಕು, ಒಂದ್ಸಲ ಗೆದ್ರೆ ಎಲ್ಲಾ ವಾಪಸ್’ ಎಂಬುದು ಅವನ ಲೆಕ್ಕ. ಇಬ್ಬರೂ ನೋಟ್‌ಬುಕ್ ತೆಗೆದು ಕೂತೆವು. 10, 20, 40, 80, 160, 320. ಸತತ ಆರು ಸಲ ಸೋತರೆ 630 ರೂಪಾಯಿ ಹೋಯಿತು, ಏಳನೆಯದಕ್ಕೆ 640 ಬೇಕು. ಅಷ್ಟು ಹಾಕಿ ಗೆದ್ದರೂ ಉಳಿಯುವ ಲಾಭ ಹತ್ತೇ ರೂಪಾಯಿ. ‘ಆರು ಸಲ ಯಾರು ಸೋಲ್ತಾರೆ ಅಕ್ಕಾ’ ಎಂದ. ಆಟದಲ್ಲಿ ಮೋಸವೇ ಇಲ್ಲ, ಸೋಲು ಗೆಲುವು ಸಮಸಮ ಎಂದುಕೊಂಡರೂ ಸರಾಸರಿ 126 ಸುತ್ತಿಗೊಮ್ಮೆ ಹಾಗಾಗುತ್ತದೆ. ನಿಮಿಷಕ್ಕೊಂದು ಸುತ್ತು ಎಂದರೆ ಸುಮಾರು ಎರಡು ಗಂಟೆ. ಅವನು ಸುಮ್ಮನಾದ. ಆಮೇಲೆ ತಾನಾಗಿಯೇ ಹೇಳಿದ: ‘ನಾಲ್ಕು ಸಾವಿರ ಹೋಗಿದೆ’.

ಮಗನ ಫೋನಿಗೆ ಪೇರೆಂಟಲ್ ಕಂಟ್ರೋಲ್ ಹಾಕಿದ್ದೇನೆ ಎಂದು ಚಿಕ್ಕಪ್ಪ ನಿಶ್ಚಿಂತರಾಗಿದ್ದರು. ಅದು ಆ್ಯಪ್ ಸ್ಟೋರಿನ ಬಾಗಿಲನ್ನು ಕಾಯುತ್ತಿತ್ತು. ಆದರೆ ಈ ಆಟ ಗೆಳೆಯರ ಗ್ರೂಪಿಗೆ ಬಂದ ಲಿಂಕಿನ ಮೂಲಕ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಒಂದು ವಿಳಾಸ ಬ್ಲಾಕ್ ಮಾಡಿದರೆ ಇನ್ನೊಂದು ಹೆಸರಿನಲ್ಲಿ ಬರುತ್ತದೆ. ನಿಜವಾದ ಸುಳಿವು ಇದ್ದದ್ದು ಚಿಕ್ಕಪ್ಪನ ಯುಪಿಐ ಪಟ್ಟಿಯಲ್ಲಿ. ಇನ್ನೂರು, ಮುನ್ನೂರು ರೂಪಾಯಿಗಳು, ಪ್ರತಿ ಸಲ ಬೇರೆ ಬೇರೆ ಅಪರಿಚಿತರ ಹೆಸರಿಗೆ. ಪಿನ್ ಮಗನಿಗೆ ಗೊತ್ತಿತ್ತು.

ಅವನು ಇಷ್ಟು ದಿನ ಬಾಯಿ ಬಿಡದಿದ್ದುದಕ್ಕೆ ಅಪ್ಪನ ಭಯದ ಜೊತೆ ಪೊಲೀಸರ ಭಯವೂ ಕಾರಣ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಆದರೆ ಅದು ಶಿಕ್ಷಿಸುವುದು ಆಡಿಸುವವರನ್ನು, ಜಾಹೀರಾತು ಕೊಡುವವರನ್ನು, ಹಣ ಸಾಗಿಸುವವರನ್ನು, ಆಡಿ ಸೋತವರನ್ನಲ್ಲ. ಇದನ್ನು ಹೇಳಿದ ಮೇಲೆಯೇ ಅವನು ಅಪ್ಪನ ಮುಂದೆ ಕೂರಲು ಒಪ್ಪಿದ್ದು.

ಚಿಕ್ಕಪ್ಪ ಪಿನ್ ಬದಲಿಸಿದರು. ಫೋನಿನಲ್ಲಿ ಒಪ್ಪಿಗೆ ಕೊಟ್ಟ ಸೈಟುಗಳಷ್ಟೇ ತೆರೆಯುವ ಸೆಟ್ಟಿಂಗ್ ಹಾಕಿದೆವು. ಕಾಲೇಜಿಗೆ ಬೇಕಾದ ಸೈಟುಗಳ ಪಟ್ಟಿಯನ್ನು ಅವನೇ ಬರೆದುಕೊಟ್ಟ. ನನ್ನ ಪ್ರಕಾರ ಬೀಗ ಬೇಕೇ ಬೇಕು, ಆದರೆ ಅದನ್ನು ಮಕ್ಕಳಿಗೆ ಹೇಳಿಯೇ ಹಾಕಬೇಕು. ಗೆಳೆಯನ ಫೋನಿನಲ್ಲಿ ಯಾವ ಬೀಗವೂ ಇರುವುದಿಲ್ಲ. ಅಲ್ಲಿ ಮತ್ತೆ ಸೋತರೆ, ಮನೆಗೆ ಬಂದು ಹೇಳುವ ಧೈರ್ಯವಾದರೂ ಅವನಿಗೆ ಉಳಿದಿರಬೇಕಲ್ಲವೇ?