ಜನ ಕೂಗಿದಲ್ಲೆಲ್ಲ ವಿಕೆಟ್ ಬಿದ್ದಿರುತ್ತದೆಯೇ?

ಪಂದ್ಯದ ಹೈಲೈಟ್ಸ್ ತಯಾರಿಸಲು ಇಡೀ ವಿಡಿಯೊ ನೋಡಬೇಕಿಲ್ಲ, ಸದ್ದು ಜೋರಾದ ಜಾಗ ಹುಡುಕಿ ಕತ್ತರಿಸಿದರೆ ಸಾಕು ಎನ್ನುತ್ತಾರೆ. ಇದು ಅರ್ಧ ನಿಜ.

ವಡಗಾವಿಯಲ್ಲಿ ಯಾರೋ ಟೆನಿಸ್ ಬಾಲ್ ಪಂದ್ಯವನ್ನು ಮೊಬೈಲಿನಲ್ಲಿ ಚಿತ್ರಿಸಿದ್ದಾರೆ ಎಂದುಕೊಳ್ಳಿ. ಪಕ್ಕದ ಓಣಿಯಲ್ಲಿ ಪವರ್‌ಲೂಮ್‌ಗಳ ಖಟಖಟ ನಿಲ್ಲುವುದೇ ಇಲ್ಲ. ಹಾಗಾಗಿ "ಇಷ್ಟು ಡೆಸಿಬೆಲ್ ದಾಟಿದರೆ ಸಿಕ್ಸರ್" ಎಂಬ ಒಂದೇ ಗೆರೆ ಎಳೆದರೆ ಆಗದು. ಪ್ರತಿ ಸೆಕೆಂಡಿನ ಸದ್ದನ್ನು ಆಸುಪಾಸಿನ ಎರಡು ನಿಮಿಷದ ಮಾಮೂಲಿ ಸದ್ದಿನ ಜೊತೆ ಹೋಲಿಸಬೇಕು. ಅದಕ್ಕಿಂತ 6 ಡೆಸಿಬೆಲ್ ಏರಿದರೆ, ಅಂದರೆ ಅಲೆಯ ಎತ್ತರ ಎರಡು ಪಟ್ಟಾಗಿ ಮೂರು ಸೆಕೆಂಡಾದರೂ ಹಾಗೇ ಉಳಿದರೆ, ಅಲ್ಲಿ ಗುರುತು ಹಾಕಬಹುದು. ಒಂಟಿ ಪಟಾಕಿ ಅಷ್ಟು ಹೊತ್ತು ಉಳಿಯುವುದಿಲ್ಲ. ಜನ ಕೂಗುವುದು ಹೊಡೆತದ ನಂತರ. ಆದ್ದರಿಂದ ಗುರುತಿಗಿಂತ ಹತ್ತು ಸೆಕೆಂಡು ಹಿಂದಿನಿಂದ ಕತ್ತರಿಸಬೇಕು. ಇಲ್ಲವಾದರೆ ಕುಣಿಯುವವರು ಮಾತ್ರ ಸಿಗುತ್ತಾರೆ!

ಇಷ್ಟಾದರೂ ಮೋಸ ಹೋಗಬಹುದು. ಮೈಕಿನಲ್ಲಿ ಬಹುಮಾನ ಘೋಷಿಸಿದರೂ ಸದ್ದು ಏರುತ್ತದೆ. ಅನೇಕ ಮೊಬೈಲುಗಳು ಜೋರು ಸದ್ದನ್ನು ತಾವಾಗಿಯೇ ತಗ್ಗಿಸಿ ರೆಕಾರ್ಡ್ ಮಾಡುವುದರಿಂದ ನಿಜವಾದ ಕೂಗು ಚಪ್ಪಟೆಯಾಗಿಬಿಡುತ್ತದೆ.

ದೊಡ್ಡ ತೊಂದರೆ ಬೇರೆಯೇ ಇದೆ. 2023ರ ನವೆಂಬರ್ 19ರಂದು ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ ಕಮಿನ್ಸ್ ಎಸೆತಕ್ಕೆ ಕೊಹ್ಲಿ 54 ರನ್ನಿಗೆ ಬೌಲ್ಡ್ ಆದಾಗ ಇಡೀ ಮೈದಾನ ಸ್ತಬ್ಧವಾಯಿತು. ಜೋರು ಸದ್ದನ್ನಷ್ಟೇ ಹುಡುಕುವ ಪ್ರೋಗ್ರಾಂ ಆ ವಿಕೆಟ್ಟನ್ನು ಬಿಟ್ಟೇಬಿಡಬಹುದು. ಹಾಗಾಗಿ ಸದ್ದು ತಟ್ಟನೆ ಕುಸಿದ ಜಾಗಕ್ಕೂ ಗುರುತು ಹಾಕಬೇಕು. ನೀರು ಕುಡಿಯುವ ವಿರಾಮದಲ್ಲಾದರೆ ಅದು ನಿಧಾನವಾಗಿ ಇಳಿಯುತ್ತದೆ.