ಯುದ್ಧದ ಲೆಕ್ಕ ಕೇಳುವ ಹಕ್ಕು ಬಂಟ್ವಾಳಕ್ಕಿದೆ

ಟಿಪ್ಪುವಿನ ಹೆಸರೆತ್ತಿದರೆ ನಮ್ಮ ಜಿಲ್ಲೆಯಲ್ಲಿ ಸಭೆ ಎರಡಾಗುತ್ತದೆ. 1837ರ ದಂಗೆಯ ಹೆಸರೆತ್ತಿದರೂ ಹಾಗೆಯೇ. ಅದು ಕಲ್ಯಾಣಪ್ಪನ ಕಾಟುಕಾಯಿಯೋ, ಅಮರ ಸುಳ್ಯದ ಸ್ವಾತಂತ್ರ್ಯ ಸಮರವೋ ಎಂಬ ವಾದ 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತ ಮೇಲೂ ಮುಗಿದಿಲ್ಲ. ಎರಡೂ ಜಗಳಗಳಲ್ಲಿ ಧರ್ಮ, ಜಾತಿ, ಶೌರ್ಯ, ದ್ರೋಹ ಎಲ್ಲವೂ ಬರುತ್ತವೆ. ದುಡ್ಡು ಮಾತ್ರ ಬರುವುದಿಲ್ಲ. ಟಿಪ್ಪುವಿನ ಕಾಲದಿಂದ 1837ರವರೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗದ್ದೆಗಳನ್ನು ಒಂದೇ ಒಂದು ಸಾಲ ಬೆನ್ನಟ್ಟಿತ್ತು, ಅದು ಬೇರೆಯವರ ಯುದ್ಧಗಳ ಖರ್ಚು. ಇದನ್ನು ಬಿಟ್ಟು ಆ ಕಾಲದ ಬಗ್ಗೆ ತೀರ್ಪು ಕೊಡುವುದು ತಪ್ಪು. ಇಂದು ಯುದ್ಧ ಬೇಕೆಂದು ಕೂಗುವಾಗ ಇದನ್ನು ಮರೆಯುವುದು ಇನ್ನೂ ದೊಡ್ಡ ತಪ್ಪು.

1792ರ ಶ್ರೀರಂಗಪಟ್ಟಣದ ಒಪ್ಪಂದವನ್ನೇ ನೋಡಿ. ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಸೇರಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೇಳಿದರು. ಹಣದಲ್ಲಿ ಅರ್ಧವನ್ನು ಕೂಡಲೇ ಕೊಡಬೇಕು, ಉಳಿದರ್ಧಕ್ಕೆ ಮೂರು ಕಂತು. ಅಲ್ಲಿಯವರೆಗೆ ಇಬ್ಬರು ಮಕ್ಕಳು ಒತ್ತೆ. ಆ ಮಕ್ಕಳ ಕಥೆ ನಮಗೆ ಶಾಲೆಯಿಂದಲೇ ಗೊತ್ತು. ಲೆಕ್ಕ ಗೊತ್ತಿಲ್ಲ. ಒಪ್ಪಂದಕ್ಕೆ ಹಾಕಿದ ಅಂದಾಜಿನ ಪ್ರಕಾರ ಇಡೀ ರಾಜ್ಯದ ವರ್ಷದ ಹುಟ್ಟುವಳಿ ಸುಮಾರು 2 ಕೋಟಿ 37 ಲಕ್ಷ. ಅದರಲ್ಲಿ ಅರ್ಧ ಹೋದ ಮೇಲೆ ಉಳಿದದ್ದು 1 ಕೋಟಿ 18 ಲಕ್ಷದ ಆಸುಪಾಸು. ಅಂದರೆ ಉಳಿದ ಅರ್ಧ ರಾಜ್ಯವು ಮೂರು ವರ್ಷದ ಪೂರ್ತಿ ಕಂದಾಯಕ್ಕೆ ಹತ್ತಿರದ ಮೊತ್ತವನ್ನು ಎರಡು ವರ್ಷದೊಳಗೆ ಗೆದ್ದವರಿಗೆ ಕಟ್ಟಬೇಕಾಯಿತು. ಸೈನ್ಯದ ಸಂಬಳ, ಕೋಟೆಗಳ ಖರ್ಚು ಬೇರೆ.

ಕೆನರಾ ಆ ಉಳಿದ ಅರ್ಧದಲ್ಲಿತ್ತು. ಮಲಬಾರು ಹೋಯಿತು, ಕೊಡಗು ಹೋಯಿತು, ನಮ್ಮ ಕರಾವಳಿ ಟಿಪ್ಪುವಿನ ಕೈಯಲ್ಲೇ ಉಳಿಯಿತು. ಖಜಾನೆಯಲ್ಲಿದ್ದದ್ದು ಸಾಲದೆ, ಸೈನ್ಯದಿಂದಲೂ ಅಧಿಕಾರಿಗಳಿಂದಲೂ ಪ್ರಜೆಗಳಿಂದಲೂ ನಜರಾನೆ ಎತ್ತಲಾಯಿತು. ಆ ಸುಲಿಗೆಯ ವರ್ಷಗಳಲ್ಲೇ, 1794ರಲ್ಲಿ, ಬೆಳ್ತಂಗಡಿಯ ಬಳಿ ಗಡಾಯಿಕಲ್ಲಿನ ಮೇಲೆ ಜಮಾಲಾಬಾದ್ ಕೋಟೆ ಎದ್ದಿತು. ಚಾರಣಕ್ಕೆ ಹೋಗುವ ಹುಡುಗರು ಆ ಕಲ್ಲನ್ನು ಹತ್ತಿ ಚಿತ್ರ ತೆಗೆಯುತ್ತಾರೆ. ಹಿಂದಿನ ಯುದ್ಧದ ದಂಡದ ಗಾಯ ಆರುವ ಮೊದಲೇ ಮುಂದಿನ ಯುದ್ಧದ ಖರ್ಚು ಆ ಬಂಡೆಯ ಮೇಲೆ ಶುರುವಾಗಿತ್ತು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

1799ರಲ್ಲಿ ಟಿಪ್ಪು ಬಿದ್ದ. ಕೆನರಾ ಕಂಪನಿಗೆ ಬಂತು. ಥಾಮಸ್ ಮನ್ರೋ ಇಲ್ಲಿಗೆ ಕಲೆಕ್ಟರನಾಗಿ ಬಂದು ಹಳೆಯ ಕಡತಗಳನ್ನು ಕೂಲಂಕಷವಾಗಿ ಓದಿ, 1800ರಲ್ಲಿ ಮದ್ರಾಸಿಗೆ ದೀರ್ಘ ವರದಿ ಬರೆದ. ಅವನು ಕಂಡದ್ದು ಪದರ ಪದರವಾದ ತೆರಿಗೆ. ಕೆಳಗೆ ಹಳೆಯ ಕಂದಾಯ, ಅದಕ್ಕೆ ಶಿಸ್ತು ಎಂಬ ಹೆಸರು. ಅದರ ಮೇಲೆ ಬಿದನೂರಿನವರೂ ಹೈದರನೂ ಒಂದೊಂದು ಕಾರಣ ಕೊಟ್ಟು ಸೇರಿಸಿದ ವಸೂಲಿ, ಅದು ಶಾಮಿಲು. ಟಿಪ್ಪುವಿನ ಕಾಲಕ್ಕೆ ಪುಸ್ತಕದಲ್ಲಿ ಬರೆದ ಮೊತ್ತಕ್ಕೂ ನಿಜವಾಗಿ ವಸೂಲಾಗುವ ಮೊತ್ತಕ್ಕೂ ಸಂಬಂಧವೇ ಉಳಿದಿರಲಿಲ್ಲ. ಹೊಲ ಬಿಟ್ಟು ಓಡಿದವರ ಪಾಲನ್ನು ಉಳಿದವರ ತಲೆಗೆ ಹೇರಿದ್ದರು. ಹೇರಿದ್ದರಿಂದ ಉಳಿದವರಲ್ಲಿ ಇನ್ನಷ್ಟು ಮಂದಿ ಓಡಿದರು.

ಹಾಗಾದರೆ ಯುದ್ಧ ಮುಗಿದ ಮೇಲೆ ಶಾಮಿಲು ಇಳಿಯಿತೇ? ಮನ್ರೋ ಕೊಂಚ ಕಡಿತ ಮಾಡಿದ, ಆದರೆ ಅದರ ದೊಡ್ಡ ಪಾಲು ಕಂಪನಿಯ ಕಂದಾಯದೊಳಗೆ ಸದ್ದಿಲ್ಲದೆ ಸೇರಿಹೋಯಿತು. ಕಂಪನಿಗೂ ಅದರದೇ ಸಾಲವಿತ್ತು. ವೆಲ್ಲೆಸ್ಲಿ ಮೈಸೂರಿನ ಮೇಲೆ, ಆಮೇಲೆ ಮರಾಠರ ಮೇಲೆ ನಡೆಸಿದ ಯುದ್ಧಗಳಿಗೆ ಕಂಪನಿ ಬಡ್ಡಿಗೆ ಹಣ ಎತ್ತಿತ್ತು. ಸಾಲ ಕೊಟ್ಟವರು ಕೈಯಲ್ಲಿ ಹಣವಿದ್ದ ವ್ಯಾಪಾರಿಗಳು, ಕಂಪನಿಯ ನೌಕರರು. ಬಡ್ಡಿ ಕಟ್ಟಿದವರು ಕಂದಾಯ ಕೊಡುವ ರೈತರು. ಯುದ್ಧಸಾಲದ ಸ್ವಭಾವವೇ ಇದು. ಸಾಲ ಮಾಡಿದ ದಿನ ಯಾರಿಗೂ ನೋವಾಗುವುದಿಲ್ಲ. ಮುಂದೆ ಇಪ್ಪತ್ತು ಮೂವತ್ತು ವರ್ಷ ಇಲ್ಲದವರ ಕೈಯಿಂದ ಇದ್ದವರ ಕೈಗೆ ಹಣ ಹರಿಯುತ್ತಲೇ ಇರುತ್ತದೆ. ಒಂದು ಯುದ್ಧಕ್ಕೆ ಹುಟ್ಟಿದ ತೆರಿಗೆ ಇನ್ನೊಂದರ ಬಡ್ಡಿಗೆ ಬೇಕಾಯಿತು, ಆದ್ದರಿಂದ ಅದು ಸಾಯಲಿಲ್ಲ.

1820ರ ದಶಕದ ಕೊನೆಗೆ ಧಾನ್ಯದ ಬೆಲೆ ಕುಸಿಯಿತು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಬ್ಬನ ಕಿಸ್ತು 20 ರೂಪಾಯಿ. ಅಕ್ಕಿ ಮುಡಿಗೆ 2 ರೂಪಾಯಿ ಇದ್ದಾಗ ಹತ್ತು ಮುಡಿ ಮಾರಿದರೆ ಕಿಸ್ತು ತೀರುತ್ತದೆ. ಬೆಲೆ ಒಂದೂಕಾಲು ರೂಪಾಯಿಗೆ ಇಳಿದರೆ ಹದಿನಾರು ಮುಡಿ ಬೇಕು. ಸರಕಾರ ಒಂದು ಕಾಸೂ ಹೆಚ್ಚಿಸಲಿಲ್ಲ, ಆದರೂ ಮನೆಯಿಂದ ಆರು ಮುಡಿ ಅಕ್ಕಿ ಹೆಚ್ಚಿಗೆ ಹೋಯಿತು. 1830-31ರಲ್ಲಿ ಕೆನರಾದ ರೈತರು ಕೂಟ ಸೇರಿ ಕಿಸ್ತು ಕಟ್ಟಲಾರೆವೆಂದು ನಿಂತದ್ದು ಇದೇ ಕಷ್ಟಕ್ಕೆ. ಮಂಗಳೂರಿನ ಕದ್ರಿಯಲ್ಲೂ ಅಂಥ ಕೂಟ ಸೇರಿತ್ತು. 1834ರಲ್ಲಿ ಕೊಡಗನ್ನು ನುಂಗಿದ ಕಂಪನಿ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿತು. ಕೊಡಗಿನ ಅರಸರಿಗೆ ಧಾನ್ಯದ ರೂಪದಲ್ಲಿ ಕಂದಾಯ ಕೊಡುತ್ತಿದ್ದವರಿಗೆ ಇನ್ನು ನಗದೇ ಆಗಬೇಕೆಂದಿತು. ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವೂ ಆಗಲೇ ಸರಕಾರದ ಏಕಸ್ವಾಮ್ಯವಾಗಿತ್ತು.

1837ರಲ್ಲಿ ಆ ಸೀಮೆಗಳಿಂದಲೇ ದಂಗೆಯ ಪಡೆ ಎದ್ದು, ಬಂಟ್ವಾಳಕ್ಕೆ ಬಂದು, ನಂದಾವರದ ಬಂಗರಸನ ಬೆಂಬಲ ಪಡೆದು ಮಂಗಳೂರನ್ನೇ ಹಿಡಿದು ಕೆಲವು ದಿನ ಆಳಿತು. ಕಂದಾಯದ ವಿನಾಯಿತಿ ಅದು ಜನರಿಗೆ ಕೊಟ್ಟ ಮುಖ್ಯ ಭರವಸೆಗಳಲ್ಲೊಂದು. ಬಿಕರ್ನಕಟ್ಟೆಯಲ್ಲಿ ನಾಯಕರನ್ನು ಗಲ್ಲಿಗೇರಿಸಿದ್ದು ನಮಗೆ ಗೊತ್ತು. ಆ ದಂಗೆಯನ್ನು ದರೋಡೆ ಎಂದವರು ಈ ಲೆಕ್ಕ ಓದಿಲ್ಲ. ಅದನ್ನು ಬರೀ ಶೌರ್ಯದ ಕಥೆ ಮಾಡಿದವರೂ ಓದಿಲ್ಲ. ಅದು ಕರ ನಿರಾಕರಣೆಯ ದಂಗೆಯೂ ಹೌದು ಎಂದು ಪ್ರತಿಮೆಯ ಬುಡದಲ್ಲಿ ಬರೆದರೆ ಯಾರ ಗೌರವವೂ ಕಡಿಮೆಯಾಗದು.

ತೆರಿಗೆಯನ್ನಾದರೂ ಎದುರಿಸಿ ನಿಲ್ಲಬಹುದು. ಎರಡನೇ ಮಹಾಯುದ್ಧದಲ್ಲಿ ಬಂದದ್ದು ಎದುರಿಸಲಾಗದ ಬಗೆ. 1939ರ ನವೆಂಬರಿನ ಹಣಕಾಸು ಒಪ್ಪಂದದಂತೆ ಭಾರತದ ಹೊರಗಿನ ಯುದ್ಧಕ್ಕಾಗಿ ಇಲ್ಲಿ ಆಗುವ ಖರ್ಚನ್ನು ಬ್ರಿಟನ್ ಕೊಡಬೇಕಿತ್ತು. ಕೊಟ್ಟಿತು, ಆದರೆ ಲಂಡನ್ನಿನಲ್ಲಿ, ಸ್ಟರ್ಲಿಂಗ್ ಪತ್ರಗಳಲ್ಲಿ. ಆ ಪತ್ರಗಳನ್ನು ಆಧಾರವಾಗಿಟ್ಟುಕೊಂಡು ರಿಸರ್ವ್ ಬ್ಯಾಂಕ್ ಇಲ್ಲಿ ರೂಪಾಯಿ ನೋಟು ಮುದ್ರಿಸಿತು. ಆ ನೋಟಿನಿಂದ ಸೈನ್ಯಕ್ಕೆ ಬಟ್ಟೆ, ಧಾನ್ಯ, ಮರ, ಉಕ್ಕು ಕೊಂಡರು. ಸಾಮಾನು ಹಡಗು ಹತ್ತಿತು, ನೋಟು ಮಾತ್ರ ಊರಲ್ಲಿ ಉಳಿಯಿತು. ಯುದ್ಧದ ಆರಂಭದಲ್ಲಿ ಚಲಾವಣೆಯಲ್ಲಿದ್ದ ನೋಟು ಸುಮಾರು 180 ಕೋಟಿ ರೂಪಾಯಿಯದು. 1945ರ ಹೊತ್ತಿಗೆ ಅದು ಆರು ಪಟ್ಟು ಮೀರಿತು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿಯೂ ನಿಂತಿತು. 1943ರಲ್ಲಿ ಬಂಗಾಳದಲ್ಲಿ ಆದದ್ದನ್ನು ಹೇಳಬೇಕಾಗಿಲ್ಲ.

ನೋಟು ಹೆಚ್ಚಿ ಸಾಮಾನು ಕಡಿಮೆಯಾದಾಗ ಆಗುವ ಬೆಲೆ ಏರಿಕೆ ಎಲ್ಲರನ್ನೂ ಒಂದೇ ರೀತಿ ಹೊಡೆಯುವುದಿಲ್ಲ. ಪಡಿ ಅಕ್ಕಿಯಲ್ಲಿ ಕೂಲಿ ಪಡೆಯುವ ಗದ್ದೆಯಾಳಿನ ಊಟಕ್ಕೆ ಅಷ್ಟು ಬೇಗ ಕುತ್ತು ಬಾರದು. ಗೇಣಿಯನ್ನು ಅಕ್ಕಿಯಲ್ಲಿ ಪಡೆಯುವ ಧಣಿಗೆ ಲಾಭವೇ. ಕೆಡುವವರು ನಗದನ್ನೇ ನಂಬಿದವರು: ಹೆಂಚಿನ ಕಾರ್ಖಾನೆಯ ಕೂಲಿ, ಬೀಡಿ ಕಟ್ಟುವವರು, ಶಾಲೆಯ ಮಾಸ್ತರರು. ಅದಕ್ಕೂ ನೂರು ವರ್ಷ ಹಿಂದೆ ನಗದು ಕಟ್ಟಬೇಕಾದವನು ಬೆಲೆ ಇಳಿದು ಕೆಟ್ಟ. ಯುದ್ಧಕಾಲದಲ್ಲಿ ನಗದು ಪಡೆಯುವವನು ಬೆಲೆ ಏರಿ ಕೆಟ್ಟ. 1831ರ ರೈತನಿಗೆ ಕೂಟ ಸೇರಲು ಎದುರಿಗೆ ಕಲೆಕ್ಟರನಾದರೂ ಇದ್ದ. ಬೆಲೆ ಏರಿಕೆಯ ಎದುರು ಯಾರ ಮನೆ ಬಾಗಿಲಿಗೆ ಹೋಗಬೇಕು? ಜನ ಅಂಗಡಿಯವನನ್ನು ಬೈದರು. ಲಂಡನ್ನಿನಲ್ಲಿ ಪತ್ರ ಬರೆದುಕೊಟ್ಟವರನ್ನು ಬೈಯಲಿಲ್ಲ.

ಆ ಪತ್ರಗಳ ಗತಿಯೂ ತಿಳಿಯಲಿ. ಯುದ್ಧ ಮುಗಿದಾಗ ಬ್ರಿಟನ್ ನಮಗೆ ಕೊಡಬೇಕಾದದ್ದು 130 ಕೋಟಿ ಪೌಂಡಿನಷ್ಟು. ಸ್ವತಂತ್ರ ಭಾರತ ಅದನ್ನು ಬೇಕೆಂದಾಗ ತೆಗೆಯುವಂತಿರಲಿಲ್ಲ, ಮಾತುಕತೆಯಾಗಿ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಯಿತು. 1948ರ ಒಪ್ಪಂದದಲ್ಲಿ ಬ್ರಿಟನ್ ಇಲ್ಲಿ ಬಿಟ್ಟುಹೋದ ಸೇನಾ ಸಾಮಗ್ರಿಗೆ ಅದರಿಂದಲೇ 10 ಕೋಟಿ ಪೌಂಡ್ ಕಳೆಯಲಾಯಿತು. 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಬೆಲೆಯನ್ನು ಡಾಲರಿನೆದುರು ಸುಮಾರು ಶೇ 30ರಷ್ಟು ಇಳಿಸಿದಾಗ ಉಳಿದದ್ದೂ ಕರಗಿತು. ಹಸಿದವರ ಹೊಟ್ಟೆಯಿಂದ ಉಳಿಸಿದ ದುಡ್ಡು ಅದು.

ಇದೆಲ್ಲ ಹಳೆಯ ಕಥೆ, ಈಗ ನಮ್ಮದೇ ಸರಕಾರ, ನಮ್ಮದೇ ಬ್ಯಾಂಕು ಎಂದು ಹೇಳುವವರಿಗೆ ಕಾನೂನಿನ ಒಂದು ಕಲಮನ್ನು ತೋರಿಸುತ್ತೇನೆ. 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ರಿಸರ್ವ್ ಬ್ಯಾಂಕ್ ಕೇಂದ್ರ ಸರಕಾರದ ಹೊಸ ಸಾಲಪತ್ರಗಳನ್ನು ನೇರವಾಗಿ ಕೊಳ್ಳುವಂತಿಲ್ಲ. ಅಂದರೆ ನೋಟು ಮುದ್ರಿಸಿ ಸರಕಾರಕ್ಕೆ ಕೊಡುವ ದಾರಿ ಮುಚ್ಚಿದೆ. ಆದರೆ ವಿನಾಯಿತಿಗಳಿವೆ, ಅವುಗಳಲ್ಲಿ ರಾಷ್ಟ್ರೀಯ ಭದ್ರತೆ ಮತ್ತು ಯುದ್ಧವೂ ಸೇರಿವೆ. 1940ರ ದಶಕದಲ್ಲಿ ನಮ್ಮ ಹಿರಿಯರ ಅನ್ನಕ್ಕೆ ಕನ್ನ ಹಾಕಿದ ಬಾಗಿಲಿಗೆ ಇಂದೂ ಚಿಲಕ ಮಾತ್ರ ಇದೆ, ಬೀಗವಿಲ್ಲ.

ಯುದ್ಧವೇ ಬೇಡ ಎಂದು ನಾನು ವಾದಿಸುತ್ತಿಲ್ಲ. ದೇಶದ ಮೇಲೆ ಬಂದವರನ್ನು ತಡೆಯಲು ಖರ್ಚು ಮಾಡಲೇಬೇಕು. ಆ ಖರ್ಚು ಕಣ್ಣಿಗೆ ಕಾಣುವ ತೆರಿಗೆಯಾಗಿ ಬರಲಿ ಎಂಬುದು ನನ್ನ ವಾದ. ಹಾಗೆ ಮಾಡಿದ ಉದಾಹರಣೆ ನಮ್ಮಲ್ಲೇ ಇದೆ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಲಕ್ಷ ಲಕ್ಷವಾಗಿ ಬಂದಾಗ ಅಂಚೆ ಕಾಗದಕ್ಕೆ ಐದು ಪೈಸೆಯ ಹೆಚ್ಚುವರಿ ಚೀಟಿ ಅಂಟಿಸಬೇಕಾಗಿತ್ತು. ಕಾಗದ ಹಾಕಿದ ಪ್ರತಿಯೊಬ್ಬನಿಗೂ ತಾನು ಏನು ಕೊಡುತ್ತಿದ್ದೇನೆ, ಯಾಕೆ ಕೊಡುತ್ತಿದ್ದೇನೆ ಎಂಬುದು ಗೊತ್ತಿತ್ತು. 1973ರಲ್ಲಿ ಅದು ನಿಂತಿತು. ಮೊತ್ತ ಚಿಕ್ಕದು, ಯುದ್ಧದ ಪೂರ್ತಿ ಖರ್ಚು ಅದರಿಂದ ತೀರಲಿಲ್ಲ. 1973-74ರಲ್ಲಿ ಬೆಲೆಗಳು ಶೇ 20ರಷ್ಟು ಏರಿದಾಗ ಮಳೆ ಕೈಕೊಟ್ಟದ್ದು, ತೈಲದ ಬೆಲೆ ಹೆಚ್ಚಿದ್ದು ಮಾತ್ರವಲ್ಲ, ಆ ತೀರದ ಖರ್ಚಿನ ಪಾಲೂ ಇತ್ತು. ಆದರೂ ಆ ಚೀಟಿಯಲ್ಲಿದ್ದ ಪ್ರಾಮಾಣಿಕತೆ ಆಮೇಲಿನ ಯಾವ ಸೆಸ್ಸಿನಲ್ಲೂ ನನಗೆ ಕಂಡಿಲ್ಲ.

ಹಾಗಾಗಿ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಯುದ್ಧದ ಖರ್ಚಿಗೆ ಸಂಸತ್ತಿನಲ್ಲಿ ಪ್ರತ್ಯೇಕ ಲೆಕ್ಕ ಬೇಕು. ಅದಕ್ಕೆ ಹಾಕುವ ತೆರಿಗೆ ಅಕ್ಕಿ, ಡೀಸೆಲ್ಲಿನ ಮೇಲೆ ಬೀಳದೆ ದೊಡ್ಡ ವರಮಾನ ಮತ್ತು ಯುದ್ಧಕಾಲದ ಲಾಭದ ಮೇಲೆ ಬೀಳಬೇಕು, ಕೊನೆಯ ದಿನಾಂಕ ಮೊದಲೇ ಕಾಯ್ದೆಯಲ್ಲಿ ಬರೆದಿರಬೇಕು. ರಿಸರ್ವ್ ಬ್ಯಾಂಕಿನ ಆ ವಿನಾಯಿತಿಯನ್ನು ಬಳಸುವ ಮೊದಲು ಎರಡೂ ಸದನಗಳ ಒಪ್ಪಿಗೆ ಕಡ್ಡಾಯವಾಗಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮತದಾರರೇ, ಮುಂದಿನ ಚುನಾವಣೆಯಲ್ಲಿ ಯುದ್ಧದ ಮಾತಾಡಿ ಮತ ಕೇಳುವವರು ನಿಮ್ಮ ಅಂಗಳಕ್ಕೆ ಬಂದಾಗ, ಈ ಮೂರಕ್ಕೆ ಒಪ್ಪುತ್ತೀರಾ ಎಂದು ಎಲ್ಲರೆದುರೇ ಕೇಳಿ.