‘ಎರಡೂ’ ಎಂದು ಬರೆದ ಉತ್ತರಕ್ಕೆ ಅಂಕವೇಕಿಲ್ಲ?

ಬೋಧನಾಭ್ಯಾಸದ ಪಾಠವೊಂದನ್ನು ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಎರಡು ಕಾಲಂ ಎಳೆದರು. ಪಾತ್ರಗಳಿಗೆ ಕೇಳಿಸುವ ಸಂಗೀತ ಡಯಜೆಟಿಕ್, ಪ್ರೇಕ್ಷಕರಿಗೆ ಮಾತ್ರ ಕೇಳಿಸುವುದು ನಾನ್‌ಡಯಜೆಟಿಕ್. ಪ್ರತಿ ಹಾಡನ್ನೂ ಯಾವುದಾದರೂ ಒಂದು ಕಾಲಂಗೆ ಸೇರಿಸಬೇಕಿತ್ತು. ಒಬ್ಬ ಹುಡುಗಿ ‘ಎರಡೂ’ ಎಂದು ಬರೆದಳು. ತಪ್ಪು ಗುರುತು ಬಿತ್ತು. ಆ ಪಾಠಯೋಜನೆಗೆ ಸಹಿ ಹಾಕಿದ್ದವನು ನಾನೇ. ತಪ್ಪಾಗಿದ್ದು ಅವಳ ಉತ್ತರವಲ್ಲ, ನಮ್ಮ ಪ್ರಶ್ನೆ ಎಂದು ಈಗ ಅನ್ನಿಸುತ್ತಿದೆ.

ಗುರುದತ್ತರ ‘ಪ್ಯಾಸಾ’ (1957) ಚಿತ್ರವನ್ನೇ ನೋಡೋಣ. ಎಣ್ಣೆ ಮಾಲೀಸಿನ ಅಬ್ದುಲ್ ಸತ್ತಾರ್ ಹಾಡುತ್ತಾ ಗಿರಾಕಿಗಳನ್ನು ಕರೆಯುತ್ತಾನೆ. ಅದು ಅವನ ವ್ಯಾಪಾರದ ಕೂಗು, ಸುತ್ತಲಿನವರಿಗೆ ಕೇಳಿಸುತ್ತದೆ. ಇಲ್ಲಿ ತಕರಾರಿಲ್ಲ. ಆದರೆ ಅವನ ಜೊತೆಗೆ ನುಡಿಯುವ ವಾದ್ಯಗಳು ಎಲ್ಲಿವೆ? ಬೀದಿಯಲ್ಲಂತೂ ಇಲ್ಲ. ದನಿ ಕಥೆಯೊಳಗೆ, ಪಕ್ಕವಾದ್ಯ ಕಥೆಯ ಹೊರಗೆ. ನಮ್ಮ ಸಿನಿಮಾ ಹಾಡುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಯಾರೂ ಗಮನಿಸುವುದೇ ಇಲ್ಲ.

ಇನ್ನೂ ಸೂಕ್ಷ್ಮವಾದದ್ದು ಗುಲಾಬೋಳ ದೃಶ್ಯ. ಬೀದಿಯಲ್ಲಿ ಒಬ್ಬ ಹೆಂಗಸು ರಾಧೆಯ ವಿರಹದ ಕೀರ್ತನೆ ಹಾಡುತ್ತಿದ್ದಾಳೆ. ಹಾಡುವವಳು ಪರದೆಯ ಮೇಲೆ ಕಾಣುತ್ತಾಳೆ, ಆದ್ದರಿಂದ ಸಂಗೀತದ ಮೂಲ ಕಥೆಯೊಳಗೇ ಇದೆ. ಗುಲಾಬೋ ವಿಜಯ್‌ನ ಹಿಂದೆ ತಾರಸಿಗೆ ಹೋಗುತ್ತಾಳೆ. ಅವನ ಬೆನ್ನ ಹಿಂದೆ ನಿಲ್ಲುತ್ತಾಳೆ, ಹತ್ತಿರ ಬರುತ್ತಾಳೆ, ಮುಟ್ಟದೆ ಹಿಂದೆ ಸರಿಯುತ್ತಾಳೆ. ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಬೀದಿಯ ದನಿ ಹೇಳುತ್ತಿದೆ. ವಿಜಯ್ ಪಾಲಿಗೆ ಅದು ಎಲ್ಲಿಂದಲೋ ಬರುವ ಭಜನೆ. ಗುಲಾಬೋಗೆ ತನ್ನದೇ ಮನಸ್ಸು. ಹಾಡಿನ ಮೂಲ ಒಂದು ಕಡೆ, ಅದರ ಅರ್ಥ ಇನ್ನೊಂದು ಕಡೆ.

ವಿಶ್ಲೇಷಕರು ಇಂಥ ಕಡೆ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುವುದಿಲ್ಲ. ದೃಶ್ಯವನ್ನು ತುಂಡುತುಂಡಾಗಿ ನೋಡುತ್ತಾರೆ. ಮೂಲ ಕಾಣುತ್ತಿದೆಯೇ? ಯಾವ ಪಾತ್ರ ತಲೆಯೆತ್ತಿ ಆಲಿಸಿತು? ಕ್ಯಾಮೆರಾ ದೂರ ಸರಿದಾಗ ದನಿಯೂ ಕ್ಷೀಣಿಸಿತೇ, ಇಲ್ಲಾ ಹಾಗೆಯೇ ಉಳಿಯಿತೇ? ಕ್ಷೀಣಿಸದಿದ್ದರೆ ಹಾಡು ಆ ಜಾಗವನ್ನು ಬಿಟ್ಟು ಎದ್ದಿದೆ ಎಂದರ್ಥ. ಕ್ಲಾಡಿಯಾ ಗೋರ್ಬ್‌ಮನ್ 1987ರ ತಮ್ಮ ಪುಸ್ತಕದಲ್ಲಿ ಪಾತ್ರದ ಮನಸ್ಸಿನೊಳಗೆ ಮಾತ್ರ ಮೊಳಗುವ ಸಂಗೀತಕ್ಕೆ ಮೂರನೆಯ ಸ್ಥಾನವನ್ನೇ ಕೊಟ್ಟರು. ‘ಪ್ಯಾಸಾ’ದಲ್ಲಿ ಮಂಜು ಮುಸುಕಿದ ಕನಸಿನ ಯುಗಳಗೀತೆ ಅಲ್ಲಿ ಸಲೀಸಾಗಿ ಕೂರುತ್ತದೆ. ಗುಲಾಬೋಳ ಹಾಡು ಅಲ್ಲೂ ಪೂರ್ತಿ ಕೂರುವುದಿಲ್ಲ, ಏಕೆಂದರೆ ಬೀದಿಯಲ್ಲಿ ಅದನ್ನು ನಿಜವಾಗಿಯೂ ಯಾರೋ ಹಾಡುತ್ತಿದ್ದಾರೆ.

ಹಾಗಾದರೆ ಎರಡು ಕಾಲಂ ಬೇಡವೇ? ಬೇಕು, ಮೊದಲ ಹತ್ತು ನಿಮಿಷಕ್ಕೆ. ರೇಡಿಯೊ ಹಾಡಿಗೂ ಹಿನ್ನೆಲೆ ಸಂಗೀತಕ್ಕೂ ವ್ಯತ್ಯಾಸ ತಿಳಿಯದೆ ಮುಂದಿನದು ತಿಳಿಯುವುದಿಲ್ಲ. ಆಮೇಲೆ ಎರಡು ಕಾಲಂಗಳ ನಡುವೆ ಒಂದು ಗೆರೆ ಎಳೆದು, ಹಾಡು ಯಾವ ಕ್ಷಣದಲ್ಲಿ ಎತ್ತ ಚಲಿಸಿತು ಎಂದು ಬಾಣದ ಗುರುತು ಹಾಕಿಸಬೇಕು. ಬಾಣಕ್ಕೆ ಕಾರಣ ಕೊಟ್ಟರೆ ಅಂಕ. ಬರೀ ‘ಎರಡೂ’ ಎಂದರೆ ಅರ್ಧ ಅಂಕ.

ಆ ಹುಡುಗಿಗೆ ಆ ಅರ್ಧ ಅಂಕ ಇನ್ನೂ ಬಾಕಿಯಿದೆ.